ತೆರಿಗೆ ಕಟ್ಟುವುದು ಬಲವಂತದ ದುಡಿಮೆಯಾ? ನೋಜಿಕ್ ವಾದದಲ್ಲಿ ತಪ್ಪೆಲ್ಲಿದೆ?

ನವೀನ್ (ಜೆ.ಪಿ. ನಗರ)

ನಮ್ಮ ಓದುಗರ ಗುಂಪಿನಲ್ಲಿ ಈ ತಿಂಗಳು ಅಮೆರಿಕದ ತತ್ವಶಾಸ್ತ್ರಜ್ಞ ರಾಬರ್ಟ್ ನೋಜಿಕ್ ಓದುತ್ತಿದ್ದೇವೆ. 1974ರಲ್ಲಿ ಬಂದ ‘ಅನಾರ್ಕಿ, ಸ್ಟೇಟ್, ಅಂಡ್ ಯುಟೋಪಿಯಾ’. ದುಡಿದ ಹಣಕ್ಕೆ ತೆರಿಗೆ ಹಾಕುವುದೂ ಬಲವಂತವಾಗಿ ದುಡಿಸುವುದೂ ಒಂದೇ ಸಾಲಿಗೆ ಸೇರುತ್ತವೆ ಅಂತ ಅದರಲ್ಲಿ ಒಂದು ವಾದ ಬರುತ್ತದೆ. ಗುಂಪಿನಲ್ಲಿ ಹೆಚ್ಚಿನವರು ಇದು ಶ್ರೀಮಂತರ ಪರ ವಕಾಲತ್ತು ಅಂತ ಹೇಳಿ ಮುಂದೆ ಹೋದರು. ಆದರೆ ತಪ್ಪು ಎಲ್ಲಿದೆ ಅಂತ ಯಾರೂ ಬೆರಳಿಟ್ಟು ತೋರಿಸಲಿಲ್ಲ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಓದದವರಿಗೆ ಅವರ ಉದಾಹರಣೆ ಹೇಳಿಬಿಡುತ್ತೇನೆ. ವಿಲ್ಟ್ ಚೇಂಬರ್ಲೇನ್ ಅಮೆರಿಕದ ದೊಡ್ಡ ಬ್ಯಾಸ್ಕೆಟ್‌ಬಾಲ್ ತಾರೆ, 1962ರಲ್ಲಿ ಒಂದೇ ಪಂದ್ಯದಲ್ಲಿ 100 ಅಂಕ ಗಳಿಸಿದ ಆಟಗಾರ. ನೋಜಿಕ್ ಹೇಳುವುದು ಹೀಗೆ. ಹಣ ಹೇಗೆ ಹಂಚಿಕೆಯಾದರೆ ನ್ಯಾಯ ಅಂತ ನಿಮಗನ್ನಿಸುತ್ತದೋ ಹಾಗೇ ಮೊದಲು ಹಂಚಿಬಿಡಿ. ಎಲ್ಲರಿಗೂ ಸಮಪಾಲು ಅಂತಾದರೂ ಸರಿ. ಆಮೇಲೆ ಆಟ ನೋಡಲು ಬರುವ ಪ್ರತಿಯೊಬ್ಬರೂ ಚೇಂಬರ್ಲೇನ್ ಹೆಸರಿನ ಪೆಟ್ಟಿಗೆಗೆ 25 ಸೆಂಟ್ ಹಾಕುತ್ತಾರೆ. ಒಂದು ಸೀಸನ್‌ನಲ್ಲಿ 10 ಲಕ್ಷ ಜನ ಬಂದರೆ ಅವನ ಕೈಗೆ 2.5 ಲಕ್ಷ ಡಾಲರ್ ಬರುತ್ತದೆ. ಸಮಪಾಲು ಹೋಯಿತು. ಆದರೆ ಅನ್ಯಾಯ ಮಾಡಿದ್ದು ಯಾರು? ಕೊಟ್ಟವರು ಇಷ್ಟಪಟ್ಟೇ ಕೊಟ್ಟರು. ಆಟ ನೋಡದವರ ಪಾಲು ಹಾಗೇ ಇದೆ.

ನಮ್ಮೂರಿಗೆ ತಂದು ನೋಡಿ. ಕಂಠೀರವ ಕ್ರೀಡಾಂಗಣದಲ್ಲಿ ಆಡುವ ಒಬ್ಬ ಫುಟ್‌ಬಾಲ್ ತಾರೆ ಅಂದುಕೊಳ್ಳಿ. ಟಿಕೆಟ್ ಮೇಲೆ ಅವನಿಗೆ ₹25. ಕೆಲವು ವರ್ಷಗಳಲ್ಲಿ 10 ಲಕ್ಷ ಟಿಕೆಟ್ ಹೋಗಿ ₹2.5 ಕೋಟಿ ಆಯಿತು. ಲೆಕ್ಕ ಸುಲಭವಾಗಲಿ ಅಂತ ತೆರಿಗೆ ನೇರವಾಗಿ 30% ಇಟ್ಟುಕೊಳ್ಳಿ, ₹75 ಲಕ್ಷ. ಅವನು ಒಟ್ಟು 200 ದಿನ ದುಡಿದಿದ್ದರೆ ಅದರಲ್ಲಿ 60 ದಿನ ಸರ್ಕಾರಕ್ಕಾಗಿ ದುಡಿದ ಹಾಗಾಯಿತು, ಅಲ್ವಾ? ಬೇಡ ಅನ್ನುವ ಹಕ್ಕು ಅವನಿಗಿಲ್ಲ. ಇದಕ್ಕೂ ಬಲವಂತದ ದುಡಿಮೆಗೂ ಏನು ವ್ಯತ್ಯಾಸ?

ಗಿರೀಶ್ (ಮಲ್ಲೇಶ್ವರಂ)

ಸರ್, ವ್ಯತ್ಯಾಸ ಬಹಳ ಸರಳ. ನಾನು ಲೆಕ್ಕಪತ್ರ ನೋಡುವ ಕೆಲಸ ಮಾಡುತ್ತೇನೆ, ದಿನಾ ಇದನ್ನೇ ನೋಡುತ್ತೇನೆ. ಆದಾಯ ಇದ್ದರೆ ತೆರಿಗೆ, ಇಲ್ಲದಿದ್ದರೆ ಇಲ್ಲ. ನಿಮ್ಮ ತಾರೆ ಬೂಟು ಕಳಚಿ ಮನೆಯಲ್ಲಿ ಕೂತರೆ ಒಂದು ರೂಪಾಯಿ ಕೊಡಬೇಕಾಗಿಲ್ಲ. ಬಲವಂತದ ದುಡಿಮೆಯಲ್ಲಿ ಹಾಗೆ ಕೂರಲು ಬಿಡುತ್ತಾರಾ? ವಾದ ಇಲ್ಲಿಗೇ ಮುಗಿಯಿತು.

ನವೀನ್ (ಜೆ.ಪಿ. ನಗರ)

ಗಿರೀಶ್ ಸರ್, ಇದಕ್ಕೆ ನೋಜಿಕ್ ಹತ್ತಿರ ಉತ್ತರ ಇದೆ, ನನ್ನನ್ನು ಕಟ್ಟಿಹಾಕಿದ್ದೂ ಅದೇ. ಇಬ್ಬರು ಗೆಳೆಯರು, ಒಂದೇ ಸಂಬಳ. ಒಬ್ಬನಿಗೆ ಸಂಜೆ ಸೂರ್ಯ ಮುಳುಗುವುದನ್ನು ನೋಡುತ್ತಾ ಕೂತರೆ ಖುಷಿ, ಅದಕ್ಕೆ ಕಾಸು ಬೇಡ. ಇನ್ನೊಬ್ಬನಿಗೆ ಸಿನಿಮಾ ಇಷ್ಟ, ಟಿಕೆಟ್‌ಗಾಗಿ ಎರಡು ಗಂಟೆ ಹೆಚ್ಚು ದುಡಿಯುತ್ತಾನೆ. ಬಡವರಿಗಾಗಿ ದುಡಿ ಅಂತ ಮೊದಲನೆಯವನನ್ನು ಎಬ್ಬಿಸಿಕೊಂಡು ಹೋದರೆ ನಾವೆಲ್ಲ ಅನ್ಯಾಯ ಅನ್ನುತ್ತೇವೆ. ಆದರೆ ಎರಡನೆಯವನ ಆ ಎರಡು ಗಂಟೆಯ ಸಂಪಾದನೆಯಲ್ಲಿ ಪಾಲು ತೆಗೆದುಕೊಂಡರೆ ಅದು ನ್ಯಾಯ ಅನ್ನುತ್ತೇವೆ. ಯಾಕೆ? ಅವನ ಖುಷಿಗೆ ಕಾಸು ಬೇಕು ಅನ್ನುವುದೇ ಅವನ ತಪ್ಪಾ?

ಇನ್ನು ‘ಕೆಲಸ ಬಿಟ್ಟು ಕೂರಬಹುದು’ ಅನ್ನುವುದು. ಹೊಟ್ಟೆಗೆ ಆಗುವಷ್ಟು ಮಾತ್ರ ದುಡಿ, ಅದರ ಮೇಲೆ ದುಡಿದರೆ ಪಾಲು ಕೊಡು. ಈ ಎರಡೇ ದಾರಿ ಅಂತ ಬೇರೆಯವರು ದಂಡದ ಭಯ ಹಾಕಿ ನಿಲ್ಲಿಸಿದರೆ ಅದು ಆಯ್ಕೆ ಹೇಗಾಗುತ್ತದೆ?

ಮಂಜುಳಾ

ನಾನು ಡಬ್ಬಿಂಗ್ ಕಲಾವಿದೆ. ನನಗೆ ನವೀನ್ ಅವರ ಮಾತೇ ಸರಿ ಅನ್ನಿಸುತ್ತದೆ. ಒಂದು ಪ್ರೊಡಕ್ಷನ್ ಕಂಪನಿಯವರು ನನ್ನ ಬಿಲ್‌ನಲ್ಲಿ ತೆರಿಗೆ ಅಂತ ಹತ್ತು ಪರ್ಸೆಂಟ್ ಟಿಡಿಎಸ್ ಹಿಡಿದುಕೊಂಡರು. ಸರ್ಕಾರಕ್ಕೆ ಕಟ್ಟಲೇ ಇಲ್ಲ. ನನ್ನ ಹೆಸರಲ್ಲಿ ಜಮೆಯಾದ ತೆರಿಗೆ ತೋರಿಸುವ 26ಎಎಸ್‌ನಲ್ಲಿ ಅದು ಕಾಣಿಸುತ್ತಿಲ್ಲ. ಈಗ ಅದೇ ಹಣಕ್ಕೆ ನನಗೆ ಡಿಮಾಂಡ್ ನೋಟಿಸ್ ಬಂದಿದೆ. ಗಂಟಲು ಹರಿದುಕೊಂಡು ದುಡಿದಿದ್ದು ನಾನು, ಎರಡೆರಡು ಸಲ ಕೊಡಬೇಕಾದವಳೂ ನಾನು. ಇದನ್ನು ಬಲವಂತ ಅನ್ನದೆ ಇನ್ನೇನು ಅನ್ನುವುದು? ಮೇಲಾಗಿ ಕೊಟ್ಟ ತೆರಿಗೆ ಎಲ್ಲಿ ಹೋಗುತ್ತದೆ ನೋಡಿ, ನಮ್ಮ ಏರಿಯಾದ ರಸ್ತೆ ನೋಡಿದರೆ ಅಳು ಬರುತ್ತದೆ.

ಗಿರೀಶ್ (ಮಲ್ಲೇಶ್ವರಂ)

ಮಂಜುಳಾ ಅವರೇ, ಗಾಬರಿ ಬೇಡ. 1961ರ ಆದಾಯ ತೆರಿಗೆ ಕಾಯ್ದೆಯ 205ನೇ ಸೆಕ್ಷನ್ ಇರುವುದೇ ಇದಕ್ಕೆ. ನಿಮ್ಮ ಹಣದಿಂದ ಟಿಡಿಎಸ್ ಹಿಡಿದಿದ್ದರೆ ಅಷ್ಟನ್ನು ಮತ್ತೆ ನಿಮ್ಮಿಂದಲೇ ಕೇಳುವ ಹಾಗಿಲ್ಲ, ಹಿಡಿದವರಿಂದ ವಸೂಲಿ ಮಾಡಬೇಕು. ಬಿಲ್, ಬ್ಯಾಂಕ್ ಸ್ಟೇಟ್‌ಮೆಂಟ್, ಎಷ್ಟು ಹಿಡಿದರು ಅಂತ ತೋರಿಸುವ ಮೇಲ್ ಇದ್ದರೆ ಎಲ್ಲ ಲಗತ್ತಿಸಿ ನೋಟಿಸ್‌ಗೆ ಉತ್ತರ ಕೊಡಿ. ಸುಮ್ನೆ ಬಿಟ್ಟುಬಿಡಬೇಡಿ, ಉತ್ತರ ಕೊಡದಿದ್ದರೆ ಮುಂದಿನ ರೀಫಂಡ್‌ನಲ್ಲಿ ಮುರಿದುಕೊಳ್ಳುತ್ತಾರೆ.

ಸುಜಾತಾ (ಬಸವನಗುಡಿ)

ಮಂಜುಳಾ, ನಿಮಗಾಗಿದ್ದು ನಿಜವಾದ ಅನ್ಯಾಯ. ಆದರೆ ನವೀನ್ ಕೇಳುತ್ತಿರುವುದು ಬೇರೆ ವಿಷಯ. ನೋಜಿಕ್ ಇದ್ದಿದ್ದರೆ ನಿಮ್ಮ ಪ್ರಕರಣದಲ್ಲಿ ತಪ್ಪಿತಸ್ಥ ಆ ಕಂಪನಿ ಅನ್ನುತ್ತಿದ್ದರು, ಕೊಟ್ಟ ಮಾತಿನಂತೆ ಹಣ ತಲುಪಿಸಲಿಲ್ಲ ಅಂತ. ರಸ್ತೆ ಚೆನ್ನಾಗಿದ್ದಿದ್ದರೂ ಅವರ ವಾದ ಬದಲಾಗುತ್ತಿರಲಿಲ್ಲ. ತೆರಿಗೆಯ ಹಣ ಬಡ ಮಗುವಿನ ಔಷಧಿಗೇ ಹೋಗಲಿ, ಒಪ್ಪಿಗೆ ಇಲ್ಲದೆ ತೆಗೆದುಕೊಂಡರೆ ತಪ್ಪು ಅನ್ನುವುದು ಅವರ ನಿಲುವು. ಹಾಗಾಗಿ ಪೋಲು, ಲಂಚ ಅಂತ ಹೇಳಿ ಅವರ ಪರ ವಾದಿಸಲೂ ಆಗುವುದಿಲ್ಲ, ವಿರೋಧವಾಗಿ ವಾದಿಸಲೂ ಆಗುವುದಿಲ್ಲ.

ಗಿರೀಶ್, ನೀವು ಹೇಳಿದ್ದು ಅರ್ಧ ಸರಿ. ನಿಮ್ಮ ಮಾತಿನಲ್ಲಿ ಒಂದು ಒಳ್ಳೆಯ ಪರೀಕ್ಷೆ ಅಡಗಿದೆ, ಆದರೆ ಅದನ್ನು ಬೇಗ ಬಿಟ್ಟುಬಿಟ್ಟಿರಿ. ತೆರಿಗೆ ಯಾವುದಕ್ಕೆ ಅಂಟಿಕೊಂಡಿದೆ ಅಂತ ನೋಡಬೇಕು. ದುಡಿದಿದ್ದಕ್ಕಾ, ದುಡಿಯದೆ ಇದ್ದಿದ್ದಕ್ಕಾ?

ತೆರಿಗೆಯ ಹೆಸರಿನಲ್ಲೇ ಜನರನ್ನು ದುಡಿಮೆಗೆ ತಳ್ಳಿದ್ದು ಚರಿತ್ರೆಯಲ್ಲಿ ಇದೆ. 1894ರಲ್ಲಿ ದಕ್ಷಿಣ ಆಫ್ರಿಕಾದ ಕೇಪ್ ಕಾಲೊನಿಯಲ್ಲಿ ಗ್ಲೆನ್ ಗ್ರೇ ಕಾಯ್ದೆ ಬಂತು. ತಂದವರು ಆಗ ಅಲ್ಲಿನ ಪ್ರಧಾನಿಯಾಗಿದ್ದ ಸೆಸಿಲ್ ರೋಡ್ಸ್. ಗ್ಲೆನ್ ಗ್ರೇ ಜಿಲ್ಲೆಯ ಆಫ್ರಿಕನ್ ಗಂಡಸರು ವರ್ಷದಲ್ಲಿ ಮೂರು ತಿಂಗಳು ಹೊರಗೆ ಹೋಗಿ ಕೂಲಿ ಮಾಡದಿದ್ದರೆ 10 ಶಿಲಿಂಗ್ ತೆರಿಗೆ. ಕೂಲಿಗೆ ಹೋದರೆ ವಿನಾಯಿತಿ. ಅಲ್ಲಿ ತೆರಿಗೆಯ ಕೆಲಸ ಹಣ ಸಂಗ್ರಹವಲ್ಲ, ಆಳುಗಳ ಸಂಗ್ರಹ. ಮನೆಯಲ್ಲಿ ಕೂತವನಿಗೇ ದಂಡ. ಇದು ಬಲವಂತದ ದುಡಿಮೆಗೆ ಸರಿಯಾಗಿ ಹೊಂದುತ್ತದೆ.

ನವೀನ್ ಹೇಳಿದ ಫುಟ್‌ಬಾಲ್ ತಾರೆಗೂ ಹೀಗೆ ಮಾಡಬಹುದು. ‘ನಿನಗೆ ವರ್ಷಕ್ಕೆ ಕೋಟಿ ದುಡಿಯುವ ಪ್ರತಿಭೆ ಇದೆ, ಆಡು ಬಿಡು, 30 ಲಕ್ಷ ಕಟ್ಟು’ ಅಂದರೆ ಅವನು ಆಡಲೇಬೇಕು. ಸಂಗೀತ ಕಲಿಯೋಣ, ಮೇಷ್ಟ್ರಾಗೋಣ ಅಂದರೆ ಆಗುವುದಿಲ್ಲ, ಆ ಸಂಬಳದಲ್ಲಿ ತೆರಿಗೆ ಕಟ್ಟಲು ಸಾಧ್ಯವಿಲ್ಲ. ಪ್ರತಿಭೆಯ ಮೇಲಿನ ತೆರಿಗೆ ನಿಜವಾಗಿ ಒಬ್ಬನ ಜೀವನವನ್ನು ಕಟ್ಟಿಹಾಕುತ್ತದೆ. ಸಂಪಾದನೆಯ ಮೇಲಿನ ತೆರಿಗೆ ಹಾಗೆ ಮಾಡುವುದಿಲ್ಲ. ಎಲ್ಲಿ, ಯಾರ ಕೈಕೆಳಗೆ, ಎಷ್ಟು ಹೊತ್ತು ದುಡಿಯಬೇಕು ಅನ್ನುವುದು ಅವನ ಕೈಯಲ್ಲೇ ಉಳಿಯುತ್ತದೆ.

ಹಾಗಂತ ನೋಜಿಕ್ ಸೋತರು ಅಂತ ಅಲ್ಲ. ಸೂರ್ಯಾಸ್ತ ಮತ್ತು ಸಿನಿಮಾದ ಮಾತು ಇನ್ನೂ ನಿಂತಿದೆ.

ರಾಮಕೃಷ್ಣಪ್ಪ (ಆನೇಕಲ್)

ನಾನು ಜೀತ ವಿಮುಕ್ತಿ ಕೆಲಸದಲ್ಲಿ ಬಹಳ ವರ್ಷ ಇದ್ದವನು. ಈ ಹೋಲಿಕೆ ಓದಿ ನನಗೆ ಸಂಕಟವಾಯಿತು, ಹೇಳಿಬಿಡುತ್ತೇನೆ. ಅಪ್ಪ ಮಾಡಿದ ಸಾಲಕ್ಕೆ ಮಗ ಗೌಡರ ಮನೆಯ ಕೊಟ್ಟಿಗೆಯಲ್ಲಿ ಬೆಳೆಯುತ್ತಿದ್ದ. ಸಾಲ ಎಷ್ಟಿತ್ತು, ಎಷ್ಟು ತೀರಿತು ಅಂತ ಅವನಿಗೆ ಗೊತ್ತಿರುತ್ತಿರಲಿಲ್ಲ. ಮದುವೆಗೆ ಹೋಗಬೇಕಾದರೂ ಕೇಳಬೇಕು. ಬೇರೆ ಕಡೆ ಕೂಲಿಗೆ ಹೋಗುವ ಹಾಗಿಲ್ಲ. 1976ರಲ್ಲಿ ಜೀತ ಪದ್ಧತಿ ರದ್ದತಿ ಕಾಯ್ದೆ ಬಂದ ಮೇಲೂ ಬಿಡುಗಡೆ ಪತ್ರ ಕೈಗೆ ಬರುವವರೆಗೆ ಎಷ್ಟು ಜನ ನಂಬಲಿಲ್ಲ ಗೊತ್ತಾ? ಕೋಟಿ ದುಡಿಯುವವನ ತೆರಿಗೆಯನ್ನು ಇದರ ಪಕ್ಕ ಇಡುವುದು ಸರಿಯಲ್ಲ.

ನವೀನ್ (ಜೆ.ಪಿ. ನಗರ)

ರಾಮಕೃಷ್ಣಪ್ಪನವರೇ, ನಿಮ್ಮ ಕೆಲಸಕ್ಕೆ ನನ್ನ ಗೌರವ ಇದೆ. ಎರಡರ ನೋವು ಒಂದೇ ಅಂತ ನಾನು ಹೇಳುತ್ತಿಲ್ಲ, ನೋಜಿಕ್ ಕೂಡ ಹೇಳುವುದಿಲ್ಲ. ನೋವಿನಲ್ಲಿ ಅಗಾಧ ವ್ಯತ್ಯಾಸ ಇರಬಹುದು. ಆದರೆ ತತ್ವ ಒಂದೇ ಇರಬಹುದಲ್ಲ? ₹100 ಕದ್ದರೂ ಕಳ್ಳತನ, ಕೋಟಿ ಕದ್ದರೂ ಕಳ್ಳತನ. ನನ್ನ ದುಡಿಮೆಯ ಒಂದು ಭಾಗಕ್ಕೆ ನನ್ನನ್ನು ಕೇಳದೆ ಬೇರೆಯವರು ಒಡೆಯರಾಗುತ್ತಾರೆ ಅನ್ನುವುದು ಎರಡರಲ್ಲೂ ಇದೆ. ಜೀತದಲ್ಲಿ ಪೂರ್ತಿ, ತೆರಿಗೆಯಲ್ಲಿ ಭಾಗಶಃ.

ಅರುಣ್

ಕಾನೂನು ಓದುತ್ತಿದ್ದೇನೆ, ಒಂದೆರಡು ವಿಷಯ ಸೇರಿಸುತ್ತೇನೆ. ನಮ್ಮ ಸಂವಿಧಾನದ 23ನೇ ವಿಧಿ ಬಲವಂತದ ದುಡಿಮೆಯನ್ನು ನಿಷೇಧಿಸುತ್ತದೆ. ಆದರೆ ಅದೇ ವಿಧಿಯ ಎರಡನೇ ಭಾಗ ಸಾರ್ವಜನಿಕ ಉದ್ದೇಶಕ್ಕೆ ಕಡ್ಡಾಯ ಸೇವೆ ಹೇರಲು ಸರ್ಕಾರಕ್ಕೆ ಅವಕಾಶ ಕೊಡುತ್ತದೆ, ಧರ್ಮ, ಜನಾಂಗ, ಜಾತಿ, ವರ್ಗ ನೋಡಿ ಭೇದ ಮಾಡಬಾರದು ಅಷ್ಟೇ. ಅಂದರೆ ತೆರಿಗೆ ದುಡಿಮೆಗೆ ಸಮ ಅಂತಲೇ ಒಪ್ಪಿಕೊಂಡರೂ ಇಲ್ಲಿ ಅದು ತಪ್ಪಾಗುವುದಿಲ್ಲ. ಮತ್ತೆ ನೋಜಿಕ್ ಅವರೇ 1989ರಲ್ಲಿ ಬರೆದ ಪುಸ್ತಕದಲ್ಲಿ ತಮ್ಮ ಹಳೆಯ ನಿಲುವು ತೀರಾ ಸಾಲದು ಅಂದಿದ್ದಾರೆ. ಹಾಗಾದ ಮೇಲೆ ಯಾಕಿಷ್ಟು ಚರ್ಚೆ?

ಸುಜಾತಾ (ಬಸವನಗುಡಿ)

ಅರುಣ್, ಬರೆದವರು ಕೈಬಿಟ್ಟರೆ ವಾದ ಬಿದ್ದುಹೋಗುವುದಿಲ್ಲಪ್ಪ. ಅದರಲ್ಲಿ ತಪ್ಪಿದ್ದರೆ ತೋರಿಸಬೇಕು. ಕಾನೂನು ಅವಕಾಶ ಕೊಡುತ್ತದೆ ಅನ್ನುವುದೂ ಉತ್ತರವಲ್ಲ, ಕಾನೂನು ನ್ಯಾಯವಾಗಿದೆಯಾ ಅನ್ನುವುದೇ ಇಲ್ಲಿರುವ ಪ್ರಶ್ನೆ. ಆದರೆ 23ನೇ ವಿಧಿಯನ್ನು ನೆನಪಿಸಿದ್ದು ಒಳ್ಳೆಯದಾಯಿತು. ಅದರ ಮೇಲೆ 1982ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ಈ ಚರ್ಚೆಗೆ ನೇರವಾಗಿ ಬೇಕು. ಏಷ್ಯನ್ ಗೇಮ್ಸ್‌ಗಾಗಿ ದೆಹಲಿಯಲ್ಲಿ ಕಟ್ಟಡ ಕಟ್ಟುತ್ತಿದ್ದ ಕಾರ್ಮಿಕರ ಪ್ರಕರಣ ಅದು. ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಯುವವರು ಬಲವಂತದ ದುಡಿಮೆಯಲ್ಲೇ ಇದ್ದಾರೆ ಅಂತ ನ್ಯಾಯಮೂರ್ತಿ ಭಗವತಿಯವರ ಪೀಠ ಹೇಳಿತು. ಹಸಿವು, ಬಡತನ ಬೇರೆ ದಾರಿಯನ್ನೇ ಉಳಿಸದಿದ್ದರೆ ಅದೂ ಬಲವಂತವೇ ಅಂತ.

ನೋಜಿಕ್ ಇದನ್ನು ಒಪ್ಪುವುದಿಲ್ಲ. ಅವರ ಪುಸ್ತಕದಲ್ಲಿ 26 ಗಂಡು, 26 ಹೆಣ್ಣುಗಳ ಮದುವೆಯ ಉದಾಹರಣೆ ಇದೆ. ಇಷ್ಟಪಟ್ಟವರನ್ನು ಒಬ್ಬೊಬ್ಬರೇ ಮದುವೆಯಾಗುತ್ತಾ ಹೋಗುತ್ತಾರೆ, ಕೊನೆಗೆ ಒಂದು ಗಂಡು, ಒಂದು ಹೆಣ್ಣು ಉಳಿಯುತ್ತಾರೆ. ಒಬ್ಬರನ್ನೊಬ್ಬರು ಮದುವೆಯಾಗಬೇಕು, ಇಲ್ಲವೇ ಒಂಟಿಯಾಗಿರಬೇಕು. ಆದರೂ ಅದು ಬಲವಂತದ ಮದುವೆ ಅಲ್ಲ, ಯಾಕಂದರೆ ಉಳಿದವರೆಲ್ಲ ತಮ್ಮ ಹಕ್ಕಿನ ಮಿತಿಯಲ್ಲೇ ನಡೆದುಕೊಂಡರು ಅನ್ನುತ್ತಾರೆ. ಕೂಲಿಗೂ ಇದೇ ಲೆಕ್ಕ. ಹಸಿದವನ ಮುಂದೆ ಕಡಿಮೆ ಕೂಲಿ ಇಟ್ಟವನು ತನ್ನ ಹಕ್ಕನ್ನಷ್ಟೇ ಬಳಸಿದರೆ ಅಲ್ಲಿ ಬಲವಂತ ಇಲ್ಲ.

ಈಗ ನವೀನ್, ಇಲ್ಲಿ ಸ್ವಲ್ಪ ನಿಲ್ಲಿ. ಹಸಿದವನಿಗೂ ದಾರಿಗಳು ಕಡಿಮೆ, ತೆರಿಗೆ ಕಟ್ಟುವ ತಾರೆಗೂ ದಾರಿಗಳು ಕಡಿಮೆ. ನಿಜ ಹೇಳಬೇಕೆಂದರೆ ಹಸಿದವನಿಗೇ ಇನ್ನೂ ಕಡಿಮೆ. ಆದರೂ ನೋಜಿಕ್ ತಾರೆಯದ್ದು ಮಾತ್ರ ಬಲವಂತ ಅನ್ನುತ್ತಾರೆ. ಯಾಕೆ? ತಾರೆಯ ದಾರಿ ಕಡಿಮೆ ಮಾಡಿದ ಸರ್ಕಾರ ಅವನ ಹಕ್ಕು ಮೀರಿದೆ ಅಂತ. ಅಂದರೆ ಆ ₹2.5 ಕೋಟಿ ಪೂರ್ತಿ ಅವನದೇ ಅಂತ ಮೊದಲೇ ತೀರ್ಮಾನವಾಗಿದ್ದರೆ ಮಾತ್ರ ತೆರಿಗೆ ಬಲವಂತ. ಹಾಗಾಗಿ ‘ಬಲವಂತದ ದುಡಿಮೆ’ ಅನ್ನುವ ವಾದಕ್ಕೆ ತನ್ನದೇ ಕಾಲಿಲ್ಲ. ಅದು ಹಕ್ಕುದಾರಿಕೆಯ ಮೇಲೆ ನಿಂತಿದೆ.

ನವೀನ್ (ಜೆ.ಪಿ. ನಗರ)

ಒಪ್ಪಿದೆ ಮೇಡಂ, ಅದರ ಮೇಲೇ ನಿಂತಿದೆ. ಆದರೆ ಆ ಹಕ್ಕನ್ನು ಚೇಂಬರ್ಲೇನ್ ಉದಾಹರಣೆಯೇ ಸಾಬೀತು ಮಾಡಿದೆಯಲ್ಲ? ಮೊದಲ ಹಂಚಿಕೆ ನೀವೇ ನ್ಯಾಯ ಅಂದಿರಿ. ಆಮೇಲಿನ ಪ್ರತಿ ₹25 ಒಪ್ಪಿಗೆಯಿಂದ ಕೈ ಬದಲಾಯಿಸಿತು. ನ್ಯಾಯದಿಂದ ಶುರುವಾಗಿ ನ್ಯಾಯದ ಹೆಜ್ಜೆಗಳಲ್ಲೇ ಬಂದರೆ ತಲುಪಿದ ಜಾಗವೂ ನ್ಯಾಯವೇ ಆಗಬೇಕು.

ಸುಜಾತಾ (ಬಸವನಗುಡಿ)

ಅಮೆರಿಕದ ಇನ್ನೊಬ್ಬ ತತ್ವಶಾಸ್ತ್ರಜ್ಞ ಥಾಮಸ್ ನೇಗೆಲ್ 1975ರಲ್ಲೇ ಪ್ರಶ್ನೆ ಎತ್ತಿದ್ದು ಅಲ್ಲೇ. ಮೊದಲ ಹಂಚಿಕೆಯಲ್ಲಿ ಜನರ ಕೈಗೆ ನೀವು ಏನು ಕೊಟ್ಟಿರಿ? ಬರೀ ನೋಟುಗಳನ್ನಾ, ಅಥವಾ ‘ಈ ನೋಟು ಯಾರಿಗೆ ಕೊಟ್ಟರೂ ಅದರಲ್ಲಿ ಯಾರೂ ಪಾಲು ಕೇಳುವಂತಿಲ್ಲ’ ಅನ್ನುವ ಪೂರ್ಣ ಒಡೆತನವನ್ನಾ? ಸಮಪಾಲು ಬೇಕು ಅನ್ನುವವನು ಎರಡನೆಯದನ್ನು ಯಾವತ್ತೂ ಕೊಟ್ಟಿರಲಿಲ್ಲ. ‘ಖರ್ಚು ಮಾಡು, ಉಡುಗೊರೆ ಕೊಡು, ಆದರೆ ಒಬ್ಬನ ಕೈಯಲ್ಲಿ ಬಹಳ ಸೇರಿದರೆ ಅದರಲ್ಲಿ ಪಾಲು ವಾಪಸ್ ಬರುತ್ತದೆ’ ಅನ್ನುವ ಷರತ್ತಿನ ಜೊತೆಗೇ ಅವನು ಹಂಚಿದ್ದ. ನೋಜಿಕ್ ಆ ಷರತ್ತನ್ನು ಸದ್ದಿಲ್ಲದೆ ತೆಗೆದು, ಆಮೇಲೆ ಷರತ್ತು ಹಾಕುವುದು ಅನ್ಯಾಯ ಅನ್ನುತ್ತಾರೆ. ಬಾಡಿಗೆಗೆ ಕೊಟ್ಟ ಮನೆಯನ್ನು ಕ್ರಯಕ್ಕೆ ಕೊಟ್ಟಿದ್ದೀರಿ ಅಂತ ಊಹಿಸಿಕೊಂಡು ವಾದ ಹೂಡಿದ ಹಾಗೆ.

ಆಕ್ಸ್‌ಫರ್ಡ್‌ನ ತತ್ವಶಾಸ್ತ್ರಜ್ಞ ಜಿ.ಎ. ಕೋಹೆನ್ ಇನ್ನೊಂದು ಮಾತು ಹೇಳಿದರು, ಅದು ನನಗೆ ಹೆಚ್ಚು ಇಷ್ಟ. ಆಟ ನೋಡದವರ ಪಾಲು ಹಾಗೇ ಇದೆ ಅಂತ ನೋಜಿಕ್ ಹೇಳುತ್ತಾರೆ. ನೋಟುಗಳೇನೋ ಹಾಗೇ ಇವೆ. ಆದರೆ ಎಲ್ಲರ ಹತ್ತಿರ ₹1 ಲಕ್ಷ ಇದ್ದಾಗ ನನ್ನ ₹1 ಲಕ್ಷಕ್ಕೆ ಇದ್ದ ಬಲ, ಪಕ್ಕದವನ ಹತ್ತಿರ ₹2.5 ಕೋಟಿ ಇದ್ದಾಗ ಇರುವುದಿಲ್ಲ. ಅವನು ಬಂದು ಸೈಟು ಕೇಳಿದರೆ ನನ್ನ ಬೆಲೆಗೆ ಯಾರು ಕೊಡುತ್ತಾರೆ? ಟಿಕೆಟ್ ಕೊಂಡವರು ಒಪ್ಪಿದರು. ನಾನು ಒಪ್ಪಲಿಲ್ಲ, ಇನ್ನೂ ಹುಟ್ಟದ ಮಕ್ಕಳೂ ಒಪ್ಪಲಿಲ್ಲ.

ನವೀನ್ (ಜೆ.ಪಿ. ನಗರ)

ನೇಗೆಲ್ ಮಾತು ಗಟ್ಟಿ ಇದೆ. ಅದರ ಬಗ್ಗೆ ಯೋಚಿಸಬೇಕು. ಆದರೆ ಕೋಹೆನ್ ಮಾತು ಅತಿಯಾಯಿತು ಅನ್ನಿಸುತ್ತದೆ. ಬೇರೆಯವರು ಶ್ರೀಮಂತರಾದರೆ ನನ್ನ ಹಣದ ಬಲ ಕಡಿಮೆಯಾಗುತ್ತದೆ ಅನ್ನುವುದು ಅವರ ಕೈ ಹಿಡಿಯಲು ಕಾರಣವಾದರೆ, ಪಕ್ಕದ ಬೀದಿಯಲ್ಲಿ ನನಗಿಂತ ಒಳ್ಳೆಯ ದರ್ಶಿನಿ ತೆರೆದವನನ್ನೂ ತಡೆಯಬೇಕಾಗುತ್ತದೆ. ಮತ್ತೆ ಸೂರ್ಯಾಸ್ತದ ಗೆಳೆಯನ ಪ್ರಶ್ನೆಗೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ.

ಸುಜಾತಾ (ಬಸವನಗುಡಿ)

ಸೂರ್ಯಾಸ್ತದ ವಿಷಯದಲ್ಲಿ ನಾನು ಅರ್ಧ ನಿಮ್ಮ ಕಡೆ. ಸಂಪಾದನೆಯ ತೆರಿಗೆ ಆ ಇಬ್ಬರ ಅಭಿರುಚಿಯ ನಡುವೆ ಭೇದ ಮಾಡುತ್ತದೆ, ಅದು ನಿಜವಾದ ದೋಷ. ಅದನ್ನು ಸರಿಮಾಡಲು ಹೊರಟರೆ ಸಿಗುವುದು ನಾನು ಮೊದಲು ಹೇಳಿದ ಪ್ರತಿಭೆಯ ತೆರಿಗೆ. ಅದು ಇದಕ್ಕಿಂತ ಬಹಳ ಕೆಟ್ಟದ್ದು. ಹಾಗಾಗಿ ಈ ದೋಷವನ್ನು ಸಹಿಸಿಕೊಳ್ಳಬೇಕು ಅನ್ನುತ್ತೇನೆ. ಇದು ನೋಜಿಕ್ ಅವರಿಗೆ ಪೂರ್ತಿ ಉತ್ತರ ಅಲ್ಲ ಅಂತಲೂ ಗೊತ್ತಿದೆ.

ಗಿರೀಶ್ (ಮಲ್ಲೇಶ್ವರಂ)

ಒಂದು ಪ್ರಶ್ನೆ. ನನ್ನ ಕಕ್ಷಿದಾರರಲ್ಲಿ ಹೆಚ್ಚಿನವರ ದೊಡ್ಡ ಹಣ ಸಂಬಳದಿಂದ ಬಂದಿದ್ದಲ್ಲ. ಅಪ್ಪ ಯಾವಾಗಲೋ ತೆಗೆದ ಸೈಟಿನ ಪಕ್ಕ ಮೆಟ್ರೊ ಬಂತು, ಬೆಲೆ ಏರಿತು, ಮಾರಿದರು. ಅದರಲ್ಲಿ ಅವರ ಬೆವರು ಒಂದು ಹನಿಯೂ ಇಲ್ಲ. ಆ ಲಾಭದ ಮೇಲಿನ ತೆರಿಗೆಯೂ ಬಲವಂತದ ದುಡಿಮೆಯಾ?

ಸುಜಾತಾ (ಬಸವನಗುಡಿ)

ಅಲ್ಲ. ನೋಜಿಕ್ ಆ ಹೋಲಿಕೆ ಮಾಡಿದ್ದು ದುಡಿಮೆಯ ಸಂಪಾದನೆಗೆ ಮಾತ್ರ. ಸೈಟಿನ ಲಾಭದ ತೆರಿಗೆಯನ್ನೂ ಅವರು ವಿರೋಧಿಸುತ್ತಾರೆ, ಆದರೆ ಅದಕ್ಕೆ ಬೇರೆ ಕಾರಣ ಕೊಡಬೇಕು. ಹಕ್ಕು ಸರಿಯಾಗಿ ಬಂದಿದ್ದರೆ ಅವನದೇ ಅಂತ. ಆಗ ಪ್ರಶ್ನೆ ಹಿಂದಕ್ಕೆ ಹೋಗುತ್ತದೆ. ಮೊದಲು ಅದು ಯಾರದಾಗಿತ್ತು, ಹೇಗೆ ಕೈ ಬದಲಾಯಿತು?

ರಾಮಕೃಷ್ಣಪ್ಪ (ಆನೇಕಲ್)

ಅಮ್ಮಾ, ಆ ಪ್ರಶ್ನೆಯೇ ನನಗೆ ಬೇಕಾಗಿದ್ದು. ನವೀನ್ ಅವರು ಕಂಠೀರವ ಕ್ರೀಡಾಂಗಣ ಅಂದರು. ಅದು ಸಂಪಂಗಿ ಕೆರೆಯ ಅಂಗಳ. ಆ ಕೆರೆ ನೀರನ್ನು ನಂಬಿ ತೋಟ ಮಾಡುತ್ತಿದ್ದ ಜನ ಇದ್ದರು. ಈಗ ಉಳಿದಿರುವುದು ಕರಗಕ್ಕೆ ಬೇಕಾದಷ್ಟು ಒಂದು ಚಿಕ್ಕ ಹೊಂಡ. ಮೆಜೆಸ್ಟಿಕ್ ಬಸ್ ನಿಲ್ದಾಣದ ಕೆಳಗಿರುವುದು ಧರ್ಮಾಂಬುಧಿ ಕೆರೆ. ಟಿಕೆಟ್ ಕೊಂಡವನು ಒಪ್ಪಿದ ಅನ್ನುತ್ತೀರಿ. ಆ ತೋಟದವರ ಒಪ್ಪಿಗೆ ಎಲ್ಲಿದೆ? ಆನೇಕಲ್ ಕಡೆ ಜೀತದಾಳುಗಳು ಹಸನು ಮಾಡಿದ ಹೊಲಗಳು ಆಮೇಲೆ ಲೇಔಟ್ ಆದವು. ಆ ಸೈಟುಗಳ ಹಣವೇ ಇವತ್ತು ಟಿಕೆಟ್ ಕೊಳ್ಳುತ್ತಿದೆ.

ಸುಜಾತಾ (ಬಸವನಗುಡಿ)

ಇದಕ್ಕೆ ನೋಜಿಕ್ ಸಿದ್ಧಾಂತದಲ್ಲೇ ಜಾಗ ಇದೆ, ಅವರ ಅಭಿಮಾನಿಗಳು ಹೇಳುವುದಿಲ್ಲ ಅಷ್ಟೇ. ಮೊದಲ ಒಡೆತನ ಸರಿ ಇರಬೇಕು, ಕೈ ಬದಲಾಗಿದ್ದು ಸರಿ ಇರಬೇಕು, ಎಲ್ಲಿ ತಪ್ಪಾಗಿದೆಯೋ ಅದನ್ನು ಸರಿಪಡಿಸಬೇಕು. ಮೂರನೆಯದನ್ನು ಅವರು ಸ್ವಲ್ಪದರಲ್ಲೇ ಮುಗಿಸುತ್ತಾರೆ. ಆದರೆ ಹಿಂದಿನ ಅನ್ಯಾಯ ಬಹಳ ದೊಡ್ಡದಾಗಿದ್ದರೆ, ಅದನ್ನು ಸರಿಪಡಿಸಲು ಸ್ವಲ್ಪ ಕಾಲದ ಮಟ್ಟಿಗೆ ದೊಡ್ಡ ಸರ್ಕಾರವೇ ಬೇಕಾಗಬಹುದು ಅಂತ ಅವರೇ ಬರೆದಿದ್ದಾರೆ. ಜೀತದ ಚರಿತ್ರೆ ಇರುವ ನಾಡಿನಲ್ಲಿ ಆ ಸಾಲನ್ನು ಬಿಟ್ಟು ಉಳಿದದ್ದನ್ನು ಮಾತ್ರ ಓದುವುದನ್ನು ನಾನು ಒಪ್ಪುವುದಿಲ್ಲ.

ನವೀನ್ (ಜೆ.ಪಿ. ನಗರ)

ಆ ಸಾಲು ನಾನೂ ಓದಿದ್ದೇನೆ ಮೇಡಂ. ಆದರೆ ಸರಿಪಡಿಸುವುದು ಅಂದರೆ ಯಾರಿಗೆ ಅನ್ಯಾಯವಾಯಿತೋ ಅವರ ಮಕ್ಕಳು ಮೊಮ್ಮಕ್ಕಳಿಗೆ, ಯಾರು ಲಾಭ ಪಡೆದರೋ ಅವರಿಂದ ಕೊಡಿಸುವುದು. ಬಿಹಾರದಿಂದ ಬಂದು ಇಲ್ಲಿ ದುಡಿಯುವ ಹುಡುಗನ ಸಂಬಳಕ್ಕೂ, ಸಂಪಂಗಿ ಕೆರೆ ತೋಟಕ್ಕೂ ಏನು ಸಂಬಂಧ? ಅವನಿಗೂ ತೆರಿಗೆ ಇದೆ. ಹಳೆಯ ಅನ್ಯಾಯದ ಹೆಸರಿನಲ್ಲಿ ಎಲ್ಲರ ಸಂಬಳದ ಮೇಲೂ ತೆರಿಗೆ ಹಾಕುವುದನ್ನು ನೋಜಿಕ್ ಒಪ್ಪುತ್ತಿರಲಿಲ್ಲ. ಜಮೀನಿನ ಮೇಲೆ ಹಾಕಿ ಅಂದರೆ ನಾನು ಕೇಳಲು ತಯಾರಿದ್ದೇನೆ.

ರಾಮಕೃಷ್ಣಪ್ಪ (ಆನೇಕಲ್)

ಯಾರ ಹೊಲ ಯಾರದಾಯಿತು ಅಂತ ಪಹಣಿಯಲ್ಲಿ ಸಿಗುವುದಿಲ್ಲ ತಮ್ಮಾ. ಜೀತದಾಳಿನ ಹೆಸರು ಯಾವ ಪುಸ್ತಕದಲ್ಲೂ ಹತ್ತಿರಲಿಲ್ಲ. ಒಬ್ಬೊಬ್ಬರ ಲೆಕ್ಕ ತೋರಿಸಿ ಅಂದರೆ ಯಾರಿಗೂ ಏನೂ ಕೊಡಬೇಕಾಗಿಲ್ಲ ಅಂದ ಹಾಗೆಯೇ. ಆದರೆ ಜಮೀನಿನ ಮೇಲೆ ಹಾಕಿ ಅನ್ನುವ ನಿಮ್ಮ ಮಾತು ನನಗೆ ಹಿಡಿಸಿತು. ಅದು ಹೇಗೆ, ಯಾರ ಜಮೀನು, ಎರಡು ಎಕರೆ ರಾಗಿ ಹೊಲ ಇಟ್ಟುಕೊಂಡವನನ್ನೂ ಹಿಡಿಯುತ್ತೀರಾ ಅಂತ ಬಿಡಿಸಿ ಬರೆಯಿರಿ, ನಾಳೆ ಕೂತು ಓದುತ್ತೇನೆ.